ಪಾಯ್ಸನ್ ಅನುಪಾತ 0.527 ಬಂದಿದೆ: ಸೂತ್ರ ತಪ್ಪೋ, ನನ್ನ ಸರಳು ತಪ್ಪೋ?

ಉದ್ಯಮಬಾಗ_ಕಿರಿಯ

ಎಲ್ಲರಿಗೂ ನಮಸ್ಕಾರ. ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಸಣ್ಣ ಪರೀಕ್ಷಾ ಕೊಠಡಿಯಲ್ಲಿ ಆರು ತಿಂಗಳಿಂದ ಕೆಲಸ ಮಾಡುತ್ತಿದ್ದೇನೆ. ಮೂರು ದಿನದಿಂದ ಒಂದು ಲೆಕ್ಕ ತಲೆ ತಿನ್ನುತ್ತಿದೆ.

ಒಂದೇ ಮೈಲ್ಡ್ ಸ್ಟೀಲ್ ಸರಳಿನಿಂದ ಎರಡು ತುಂಡು ಕತ್ತರಿಸಿದೆವು. ಒಂದನ್ನು ಎಳೆದು ನೋಡಿದೆವು. ಎಕ್ಸ್‌ಟೆನ್ಸೋಮೀಟರ್ ಹಾಕಿಯೇ ಅಳೆದದ್ದು, ಯಂಗ್ ಮಾಡ್ಯುಲಸ್ 206 ಗಿಗಾಪ್ಯಾಸ್ಕಲ್ ಬಂತು. ಅದರ ಬಗ್ಗೆ ನನಗೆ ಅನುಮಾನವಿಲ್ಲ. ಇನ್ನೊಂದನ್ನು ತಿರುಚಿದೆವು. 200 ಮಿಮೀ ಉದ್ದಕ್ಕೆ 20 ನ್ಯೂಟನ್-ಮೀಟರ್ ತಿರುಚುಬಲ ಕೊಟ್ಟಾಗ 3.46 ಡಿಗ್ರಿ ತಿರುಗಿತು. ವ್ಯಾಸ 10 ಮಿಮೀ. ಲೆಕ್ಕ ಹಾಕಿದರೆ ಶಿಯರ್ ಮಾಡ್ಯುಲಸ್ 67.47 ಗಿಗಾಪ್ಯಾಸ್ಕಲ್.

ಈಗ E = 2G(1 + ν) ಎಂಬ ಸೂತ್ರಕ್ಕೆ ಎರಡನ್ನೂ ಹಾಕಿ ಪಾಯ್ಸನ್ ಅನುಪಾತ ν ತೆಗೆದೆ. ν = 206/134.94 − 1, ಅಂದರೆ 0.527. ಉಕ್ಕಿಗೆ 0.3ರ ಹತ್ತಿರ ಇರಬೇಕೆಂದು ಎಲ್ಲರಿಗೂ ಗೊತ್ತು. ನಮ್ಮ ಹಿರಿಯರು ವರದಿಯಲ್ಲಿ 0.3 ಎಂದೇ ಬರೆದುಬಿಡು ಎಂದರು. ನನಗೆ ಮನಸ್ಸು ಒಪ್ಪುತ್ತಿಲ್ಲ. ಈ ಸೂತ್ರ ಎಲ್ಲ ಕಡೆ ನಡೆಯುವುದಿಲ್ಲವೇ?

ಲೇತ್_ಅಣ್ಣ

ತಮ್ಮಾ, ಇದು ನಾನು ಇಪ್ಪತ್ತು ಸಲ ನೋಡಿದ ಕಥೆ. ಎಳೆಯುವ ಯಂತ್ರದಲ್ಲಿ ತುಂಡು ಮಾತ್ರ ಹಿಗ್ಗುವುದಿಲ್ಲ, ಹಿಡಿತದ ದವಡೆ, ಕಂಬ, ಸ್ಕ್ರೂ ಎಲ್ಲವೂ ಚೂರು ಚೂರು ಸರಿಯುತ್ತವೆ. ಅದೆಲ್ಲ ತುಂಡಿನ ಲೆಕ್ಕಕ್ಕೆ ಸೇರಿಕೊಂಡು E ಹಾಳಾಗುತ್ತದೆ. ನಿನ್ನ 206 ಸುಳ್ಳು. ಅದನ್ನು ಮತ್ತೆ ಅಳೆ, ಎಲ್ಲ ಸರಿಹೋಗುತ್ತದೆ.

ಸ್ಪ್ರಿಂಗ್_ವಿಜಯಪುರ

ಮೈಲ್ಡ್ ಸ್ಟೀಲ್ ಬದಲು ಒಳ್ಳೆಯ ದರ್ಜೆಯ ಉಕ್ಕು ತೆಗೆದುಕೊಳ್ಳಿ. ಸಾದಾ ಉಕ್ಕು ತಿರುಚಿದರೆ ಬೇಗ ಸೋಲುತ್ತದೆ, ಅದಕ್ಕೇ G ಕಡಿಮೆ ಬಂದಿದೆ. ಇಲ್ಲಿ ಪಂಪಿನ ಶಾಫ್ಟ್‌ಗಳಿಗೂ ನಾವು ಗಟ್ಟಿ ಉಕ್ಕನ್ನೇ ಹೇಳುತ್ತೇವೆ.

ನವನಗರ_ಮೇಷ್ಟ್ರು

ಮೂವರಿಗೂ ಉತ್ತರಿಸುತ್ತೇನೆ, ಸ್ವಲ್ಪ ತಾಳ್ಮೆ ಇರಲಿ. ಬಾಗಲಕೋಟೆಯಲ್ಲಿ ಪಾಲಿಟೆಕ್ನಿಕ್ ಹುಡುಗರಿಗೆ ಈ ಪ್ರಯೋಗ ಮಾಡಿಸಿಯೇ ನನ್ನ ಕೂದಲು ಹಣ್ಣಾದದ್ದು.

ಲೇತ್ ಅಣ್ಣನವರು ಹೇಳಿದ ದೋಷ ನಿಜವಾದ ದೋಷವೇ. ಆದರೆ ಅದು ಯಾವ ಕಡೆಗೆ ಎಳೆಯುತ್ತದೆ ಎಂದು ನೋಡಿ. ಯಂತ್ರದ ಸರಿತ ಸೇರಿಕೊಂಡರೆ ಹಿಗ್ಗು ಹೆಚ್ಚಾಗಿ ಕಾಣುತ್ತದೆ, ಆಗ E ಕಡಿಮೆ ಬರುತ್ತದೆ. E ಕಡಿಮೆಯಾದರೆ ν ಕೂಡ ಕಡಿಮೆಯಾಗಬೇಕು, ಕೆಲವೊಮ್ಮೆ ಸೊನ್ನೆಗಿಂತ ಕೆಳಗೂ ಇಳಿಯುತ್ತದೆ. ಈ ಹುಡುಗನಿಗೆ ಬಂದಿರುವುದು ಹೆಚ್ಚು. ಅಲ್ಲದೆ ಎಕ್ಸ್‌ಟೆನ್ಸೋಮೀಟರ್ ತುಂಡಿನ ಮೇಲೆಯೇ ಕೂತಿರುತ್ತದೆ, ದವಡೆ ಸರಿದದ್ದು ಅದಕ್ಕೆ ತಿಳಿಯುವುದೇ ಇಲ್ಲ. ಆದ್ದರಿಂದ ಕಳ್ಳ G ಮನೆಯಲ್ಲಿದ್ದಾನೆ, E ಮನೆಯಲ್ಲಿ ಅಲ್ಲ.

ವಿಜಯಪುರದವರಿಗೆ: ನೀವು ಬಲದ ಮಾತು ಆಡುತ್ತಿದ್ದೀರಿ, ಪ್ರಶ್ನೆ ಬಿಗುವಿನದು. ಉಕ್ಕನ್ನು ಕಾಯಿಸಿ ನೀರಿಗೆ ಅದ್ದಿದರೆ ಅದು ಸೋಲುವ ಹಂತ ಎರಡು ಮೂರು ಪಟ್ಟು ಮೇಲೇರಬಹುದು. ಆದರೆ ಸೋಲುವ ಮುನ್ನ ಎಷ್ಟು ಬಲಕ್ಕೆ ಎಷ್ಟು ಬಾಗುತ್ತದೆ ಎಂಬುದು ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ಸಾದಾ ಉಕ್ಕಾಗಲಿ, ದುಬಾರಿ ಉಕ್ಕಾಗಲಿ, E 200ರ ಆಸುಪಾಸು, G 80ರ ಆಸುಪಾಸು.

ಇನ್ನು 0.527 ಏಕೆ ಸಾಧ್ಯವಿಲ್ಲ ಎಂಬುದು. ಎಲ್ಲ ದಿಕ್ಕಿನಲ್ಲೂ ಒಂದೇ ಗುಣವಿರುವ ವಸ್ತುವಿಗೆ 0.5 ದಾಟಿದರೆ, ನಾಲ್ಕೂ ಕಡೆಯಿಂದ ಸಮನಾಗಿ ಅದುಮಿದಾಗ ಅದು ಕುಗ್ಗುವ ಬದಲು ಉಬ್ಬಬೇಕಾಗುತ್ತದೆ. ಅಂಥ ಉಕ್ಕು ನಿಮ್ಮ ಕೈಗೆ ಸಿಕ್ಕಿದ್ದರೆ ವರದಿ ಬರೆಯುತ್ತ ಕೂರಬೇಡಿ, ಮೊದಲು ಪೇಟೆಂಟ್ ಮಾಡಿಸಿ.

ಈಗ ಕಿರಿಯರಿಗೆ ಎರಡು ಪ್ರಶ್ನೆ. ತಿರುಗಿದ ಕೋನವನ್ನು ಎಲ್ಲಿ ಓದಿದಿರಿ, ಯಂತ್ರದ ಡಯಲ್‌ನಲ್ಲೋ ಸರಳಿನ ಮೇಲೋ? ವ್ಯಾಸವನ್ನು ಎಲ್ಲಿ ಅಳೆದಿರಿ, ಯಾವುದರಿಂದ?

ಉದ್ಯಮಬಾಗ_ಕಿರಿಯ

ಕೋನವನ್ನು ಸರಳಿನ ಮೇಲೆಯೇ ಓದಿದ್ದು ಸರ್. 200 ಮಿಮೀ ಅಂತರದಲ್ಲಿ ಎರಡು ಮುಳ್ಳು ಬಿಗಿದಿದ್ದೆವು, ಒಂದಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸವನ್ನೇ ತೆಗೆದುಕೊಂಡದ್ದು. ವ್ಯಾಸವನ್ನು ವರ್ನಿಯರ್‌ನಲ್ಲಿ ತುದಿಯ ಹತ್ತಿರ ಅಳೆದೆ, ಸರಿಯಾಗಿ 10. ನಕ್ಷೆಯಲ್ಲೂ 10 ಎಂದೇ ಇದೆ.

ನವನಗರ_ಮೇಷ್ಟ್ರು

ಹಾಗಾದರೆ ಚಕ್ ಜಾರಿದ್ದು ಲೆಕ್ಕಕ್ಕೆ ಬಂದಿಲ್ಲ, ಒಳ್ಳೆಯದಾಯಿತು. ಡಯಲ್‌ನಲ್ಲಿ ಓದಿದ್ದರೆ ಮೊದಲು ಅದನ್ನೇ ಹಿಡಿಯುತ್ತಿದ್ದೆ.

ಉಳಿದದ್ದು ವ್ಯಾಸ. ಮೈಕ್ರೋಮೀಟರ್ ತೆಗೆದುಕೊಂಡು ಮುಳ್ಳುಗಳ ನಡುವಿನ ಭಾಗದಲ್ಲಿ ಮೂರು ಕಡೆ, ಪ್ರತಿ ಕಡೆಯೂ ಒಂದಕ್ಕೊಂದು ಲಂಬವಾದ ಎರಡು ದಿಕ್ಕಿನಲ್ಲಿ ವ್ಯಾಸ ಅಳೆದು ಆರು ಅಂಕಿ ಹಾಕಿ. ತುದಿಯಲ್ಲಿ ಅಲ್ಲ. ತಿರುಚಿದ್ದು ನಡುವನ್ನು.

ಇಳಕಲ್_ಮಗಳು

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಮೂರನೇ ಸೆಮಿಸ್ಟರ್‌ನಲ್ಲಿದ್ದೇನೆ. ಪರೀಕ್ಷೆಗೆ ಈ ಸೂತ್ರ ಬಾಯಿಪಾಠ ಇದೆ, ಆದರೆ ಎಳೆಯುವುದಕ್ಕೂ ತಿರುಚುವುದಕ್ಕೂ ಏನು ಸಂಬಂಧ ಎಂದು ಒಮ್ಮೆಯೂ ಹೊಳೆದಿಲ್ಲ. ಎರಡೂ ಬೇರೆ ಬೇರೆ ಕೆಲಸವಲ್ಲವೇ? ಒಂದರಿಂದ ಇನ್ನೊಂದು ಹೇಗೆ ಹೊರಡುತ್ತದೆ?

ನವನಗರ_ಮೇಷ್ಟ್ರು

ಬೇರೆ ಕೆಲಸವಲ್ಲ ಮಗಳೇ, ಒಂದೇ ಕೆಲಸವನ್ನು ಓರೆಯಾಗಿ ನಿಂತು ನೋಡುವುದು. ಹಳೆಯ ಸೈಕಲ್ ಟ್ಯೂಬಿನ ಒಂದು ತುಂಡು ತೆಗೆದುಕೊ. ಅದರ ಮೇಲೆ ಬಿಳಿ ಪೆನ್ನಿನಿಂದ ಒಂದು ಚೌಕ ಬರೆ, ಮೂಲೆಯಿಂದ ಮೂಲೆಗೆ ಎರಡು ಕರ್ಣವನ್ನೂ ಎಳೆ. ಈಗ ಟ್ಯೂಬನ್ನು ಎರಡು ಕೈಯಲ್ಲಿ ಹಿಡಿದು ತಿರುಚು. ಚೌಕದ ಬದಿಗಳು ಉದ್ದವಾಗುವುದಿಲ್ಲ, ವಾಲುತ್ತವೆ ಅಷ್ಟೆ. ಆದರೆ ಒಂದು ಕರ್ಣ ಹಿಗ್ಗುತ್ತದೆ, ಇನ್ನೊಂದು ಕುಗ್ಗುತ್ತದೆ. ತಿರುಚುವುದು ಎಂದರೆ 45 ಡಿಗ್ರಿಯಲ್ಲಿ ಒಂದು ಕಡೆ ಎಳೆದು ಇನ್ನೊಂದು ಕಡೆ ಅದುಮುವುದು, ಮತ್ತೇನೂ ಅಲ್ಲ. ತರಗತಿಯಲ್ಲಿ ಸೀಮೆಸುಣ್ಣವನ್ನು ತಿರುಚಿ ಮುರಿದರೆ ಓರೆಯಾಗಿ ಸುರುಳಿ ಸುತ್ತಿದಂತೆ ಮುರಿಯುತ್ತದಲ್ಲ, ಅದು ಈ ಕರ್ಣದ ಎಳೆತಕ್ಕೇ ಹರಿದದ್ದು.

ಈಗ ಅಳತೆ. ಚೌಕದ ಬದಿ 100 ಮಿಮೀ ಇರಲಿ, ಮೇಲಿನ ಅಂಚು 1 ಮಿಮೀ ಪಕ್ಕಕ್ಕೆ ಸರಿಯಲಿ. ವಾಲಿದ್ದು ನೂರಕ್ಕೆ ಒಂದು. ಕರ್ಣ ಮೊದಲು 141.42 ಇತ್ತು, ಈಗ 142.13. ಹಿಗ್ಗಿದ್ದು 0.71, ಅಂದರೆ ನೂರಕ್ಕೆ ಅರ್ಧ. ಎಷ್ಟು ವಾಲಿತೋ ಅದರ ಅರ್ಧದಷ್ಟು ಕರ್ಣ ಹಿಗ್ಗುತ್ತದೆ. ಸೂತ್ರದಲ್ಲಿರುವ 2 ಇಲ್ಲಿಂದ ಬಂದದ್ದು, ಬರೀ ರೇಖಾಗಣಿತ. ವಸ್ತು ಯಾವುದು ಎಂಬ ಪ್ರಶ್ನೆ ಇನ್ನೂ ಎದ್ದೇ ಇಲ್ಲ.

ಅದೇ ಕರ್ಣವನ್ನು ಈಗ ವಸ್ತುವಿನ ಕಡೆಯಿಂದ ನೋಡು. ಶಿಯರ್ ಒತ್ತಡ τ ಇದ್ದರೆ ಒಂದು ಕರ್ಣದ ಗುಂಟ ಎಳೆತ τ, ಅದಕ್ಕೆ ಅಡ್ಡವಾದ ಕರ್ಣದ ಗುಂಟ ಅದುಮು τ. ಎಳೆತದಿಂದ τ/E ಹಿಗ್ಗುತ್ತದೆ. ಅಡ್ಡ ಅದುಮಿದ್ದರಿಂದಲೂ ಈ ದಿಕ್ಕಿಗೆ ಸ್ವಲ್ಪ ಉಬ್ಬುತ್ತದೆ, ನಾದಿದ ಹಿಟ್ಟನ್ನು ಒತ್ತಿದರೆ ಪಕ್ಕಕ್ಕೆ ಬರುವ ಹಾಗೆ. ಅದು ντ/E. ಒಟ್ಟು (1 + ν)τ/E. ಇದು ವಾಲಿದ್ದರ ಅರ್ಧಕ್ಕೆ, ಅಂದರೆ τ/2G ಗೆ ಸಮ. ಎರಡೂ ಕಡೆಯ τ ಹೊಡೆದುಹಾಕಿದರೆ ನಿನ್ನ ಬಾಯಿಪಾಠ ಎದುರಿಗೆ ನಿಂತಿರುತ್ತದೆ.

ನಡುವೆ ಒಂದು ಸಾಲನ್ನು ನಾನು ಸದ್ದಿಲ್ಲದೆ ದಾಟಿಸಿಬಿಟ್ಟೆ, ಗಮನಿಸಿದೆಯಾ? E ಅಳೆದದ್ದು ಸರಳಿನ ಉದ್ದಕ್ಕೆ. ಬಳಸಿದ್ದು ಓರೆಯಾದ ಕರ್ಣಕ್ಕೆ. ಉದ್ದಕ್ಕೂ ಓರೆಗೂ ಅದೇ E, ಅದೇ ν ಇದ್ದರೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ.

ಇಳಕಲ್_ಮಗಳು

ಅಯ್ಯೋ, ಸೀರೆ!

ನಮ್ಮ ಮನೆಯಲ್ಲಿ ಮಗ್ಗವಿದೆ ಸರ್. ಬಟ್ಟೆಯನ್ನು ಹಾಸಿನ ಉದ್ದಕ್ಕೆ ಎಳೆದರೆ ಜಗ್ಗುವುದೇ ಇಲ್ಲ. ಹೊಕ್ಕಿನ ಗುಂಟ ಎಳೆದರೂ ಅಷ್ಟೆ. ಆದರೆ ಮೂಲೆಯಿಂದ ಮೂಲೆಗೆ ಓರೆಯಾಗಿ ಎಳೆದರೆ ಬಟ್ಟೆ ಬೆರಳುಗಳ ನಡುವೆ ಉದ್ದವಾಗಿ ಬರುತ್ತದೆ, ನಡುವೆ ಸೊಂಟದ ಹಾಗೆ ಸಣ್ಣದಾಗುತ್ತದೆ. ಅಜ್ಜಿ ಸೀರೆಯನ್ನು ಓರೆಯಾಗಿ ಹಿಂಡಬೇಡ, ನೆಯ್ಗೆ ಸರಿಯುತ್ತದೆ ಎಂದು ಬೈಯುತ್ತಿದ್ದಳು. ಹಾಗಾದರೆ ಬಟ್ಟೆಗೆ E ದೊಡ್ಡದು, G ಏನೇನೂ ಇಲ್ಲ. ಸೂತ್ರಕ್ಕೆ ಹಾಕಿದರೆ ν ನೂರೋ ಇನ್ನೂರೋ ಬರುತ್ತದೆ!

ನವನಗರ_ಮೇಷ್ಟ್ರು

ಬರುತ್ತದೆ, ಮತ್ತು ಅದಕ್ಕೆ ಅರ್ಥವಿಲ್ಲ. ಬಟ್ಟೆಯಲ್ಲಿ E ಮತ್ತು G ಒಬ್ಬರಿಗೊಬ್ಬರು ನೆಂಟರಲ್ಲ. ಎಳೆತವನ್ನು ನೂಲು ತಡೆಯುತ್ತದೆ, ವಾಲುವುದನ್ನು ನೂಲು ನೂಲಿನ ಮೇಲೆ ಉಜ್ಜುವ ಘರ್ಷಣೆ ಮಾತ್ರ ತಡೆಯುತ್ತದೆ. ಸಾಗುವಾನಿ ಮರದಲ್ಲೂ ಇದೇ ಪಾಡು: ನಾರಿನ ಉದ್ದಕ್ಕೆ ಒಂದು, ಅಡ್ಡಕ್ಕೆ ಒಂದು, ಸುತ್ತುಬಳೆಯ ಗುಂಟ ಇನ್ನೊಂದು. ಮರಕ್ಕೆ ಎರಡು ಅಂಕಿ ಸಾಲದು, ಒಂಬತ್ತು ಬೇಕು. ನಲವತ್ತು ವರ್ಷ ಪಾಠ ಹೇಳಿದರೂ ನನಗೆ ಮಗ್ಗ ನೆನಪಾಗಿರಲಿಲ್ಲ, ಇಳಕಲ್ ಅರ್ಧ ದಿನದ ಹಾದಿಯೂ ಇಲ್ಲ ನೋಡು.

ಲೇತ್_ಅಣ್ಣ

ಅಂದರೆ ಹುಡುಗನ ಸರಳಿಗೂ ನಾರು ಇರಬಹುದಲ್ಲ? ಡೈಯಲ್ಲಿ ಎಳೆದ ಸರಳು ಎಲ್ಲ ದಿಕ್ಕಿಗೂ ಒಂದೇ ಎಂದು ಯಾರು ಹೇಳಿದರು?

ಫೌಂಡ್ರಿ_ಅಕ್ಕ

ಅಣ್ಣ, ಈ ಸಲ ನಿಮ್ಮ ಸಂದೇಹಕ್ಕೆ ಬೆಲೆ ಇದೆ. ಕಬ್ಬಿಣದ ಒಂದೊಂದು ಹರಳೂ ದಿಕ್ಕಿಗೊಂದು ಬಿಗುವು ತೋರಿಸುತ್ತದೆ. ಒಂದೇ ಹರಳಿನಲ್ಲಿ ಒಂದು ದಿಕ್ಕಿಗೆ E 130ರ ಹತ್ತಿರ, ಇನ್ನೊಂದು ದಿಕ್ಕಿಗೆ ಅದರ ಎರಡು ಪಟ್ಟಿಗಿಂತಲೂ ಹೆಚ್ಚು. ಸರಳಿನಲ್ಲಿ ಕೋಟಿಗಟ್ಟಲೆ ಹರಳು ಅಡ್ಡಾದಿಡ್ಡಿ ಬಿದ್ದಿರುವುದರಿಂದ ಸರಾಸರಿಯಾಗಿ 200 ಚಿಲ್ಲರೆ ಬರುತ್ತದೆ, ಎಲ್ಲ ದಿಕ್ಕಿಗೂ ಒಂದೇ ಎಂಬಂತೆ ಕಾಣುತ್ತದೆ. ಡೈಯಲ್ಲಿ ಎಳೆದಾಗ ಹರಳುಗಳು ಒಂದಿಷ್ಟು ಒಂದೇ ಕಡೆಗೆ ಮುಖ ಮಾಡುತ್ತವೆ. ಅದರಿಂದ ν ಎರಡನೇ ದಶಮಾಂಶದಲ್ಲಿ ಅಲುಗಾಡಬಹುದು. 0.3 ಹೋಗಿ 0.53 ಆಗುವಷ್ಟು ಅಲ್ಲ.

ಉದ್ಯಮಬಾಗ_ಕಿರಿಯ

ಸರ್, ಮೈಕ್ರೋಮೀಟರ್ ಹಿಡಿದು ಅಳೆದೆ. ಆರು ಅಂಕಿ: 9.60, 9.61, 9.60, 9.59, 9.60, 9.60.

ತುದಿಯಲ್ಲಿ ಈಗಲೂ 10.00 ಇದೆ. ನಡುವೆ 9.6.

ವಿಚಾರಿಸಿದೆ. ಸರಳಿನ ಮೈಮೇಲೆ ಗೀರುಗಳಿದ್ದವಂತೆ. ತುಂಡು ಮಾಡಿಕೊಟ್ಟವರು ನೋಡಲು ಚೆನ್ನಾಗಿರಲಿ ಎಂದು ನಡುವಿನ ಭಾಗವನ್ನು ಲೇತ್ ಮೇಲೆ ಒಂದು ಸುತ್ತು ತೆಗೆದು, ಎಮರಿ ಕಾಗದ ಹಾಕಿ ಹೊಳಪು ಕೊಟ್ಟು, ಎರಡೂ ಕಡೆ ಸಣ್ಣ ಇಳಿಜಾರು ಮಾಡಿ ಬೆರೆಸಿಬಿಟ್ಟಿದ್ದಾರೆ. ಉಗುರು ಹಾಕಿ ಎಳೆದರೂ ಮೆಟ್ಟಿಲು ತಾಗುವುದಿಲ್ಲ. ಅಷ್ಟು ಅಚ್ಚುಕಟ್ಟಾದ ಕೆಲಸ, ಬೈಯಲೂ ಬಾಯಿ ಬರುತ್ತಿಲ್ಲ.

ಹೊಸ ವ್ಯಾಸ ಹಾಕಿದರೆ G 79.4 ಬರುತ್ತದೆ. ν = 206/158.8 − 1 = 0.297.

ಆದರೆ 0.4 ಮಿಮೀಗೆ ಇಷ್ಟೊಂದು ವ್ಯತ್ಯಾಸವೇ? ವ್ಯಾಸದಲ್ಲಿ ನೂರಕ್ಕೆ ನಾಲ್ಕು ತಪ್ಪು, ಉತ್ತರದಲ್ಲಿ ನೂರಕ್ಕೆ ಎಂಬತ್ತು ತಪ್ಪು!

ನವನಗರ_ಮೇಷ್ಟ್ರು

ನಿಮ್ಮ ಈ ಕೊನೆಯ ಸಾಲಿಗಾಗಿಯೇ ಕಾದಿದ್ದೆ. ತಪ್ಪು ಎರಡು ಸಲ ಬೆಳೆಯುತ್ತದೆ.

ಮೊದಲ ಸಲ ಸರಳಿನಲ್ಲಿ. ತಿರುಚುವಾಗ ವ್ಯಾಸವು ನಾಲ್ಕನೇ ಘಾತದಲ್ಲಿ ಬರುತ್ತದೆ. 0.96ನ್ನು ನಾಲ್ಕು ಸಲ ಗುಣಿಸಿದರೆ 0.85. ನೂರಕ್ಕೆ ನಾಲ್ಕರ ತಪ್ಪು G ಯಲ್ಲಿ ನೂರಕ್ಕೆ ಹದಿನೈದಾಯಿತು. ತಿರುಚುವ ಬಲವನ್ನು ಹೊರುವುದು ಹೆಚ್ಚಾಗಿ ಸಿಪ್ಪೆಯ ಭಾಗ, ತಿರುಳು ಬಹಳ ಹೊರುವುದಿಲ್ಲ. ನಿಮ್ಮವರು ಲೇತಿನಲ್ಲಿ ತೆಗೆದದ್ದು ಆ ಸಿಪ್ಪೆಯನ್ನೇ.

ಎರಡನೇ ಸಲ ಸೂತ್ರದಲ್ಲಿ. E/2G ಎಂಬುದು ಸುಮಾರು 1.3. ಅದರಿಂದ 1 ಕಳೆದು ಉಳಿದ 0.3 ನಿಮ್ಮ ಉತ್ತರ. 1.3ರಲ್ಲಿ ಆದ ತಪ್ಪೆಲ್ಲ ಪೂರ್ತಿಯಾಗಿ ಆ 0.3ರ ತಲೆಯ ಮೇಲೆ ಬೀಳುತ್ತದೆ. ಹದಿಮೂರು ಜನ ತಿಂದ ಊಟದ ಬಿಲ್ಲನ್ನು ಮೂರು ಜನ ಕೊಡುವ ಹಾಗೆ. E ಅಥವಾ G ಯಲ್ಲಿ ನೂರಕ್ಕೆ ಒಂದು ತಪ್ಪಿದರೆ ν ಯಲ್ಲಿ ನೂರಕ್ಕೆ ನಾಲ್ಕಕ್ಕಿಂತ ಹೆಚ್ಚು ತಪ್ಪುತ್ತದೆ. ವ್ಯಾಸದಲ್ಲಿ ಕೇವಲ 0.1 ಮಿಮೀ ತಪ್ಪಿದ್ದರೂ ನಿಮಗೆ 0.30 ಬದಲು 0.35 ಬರುತ್ತಿತ್ತು. ಆಗ ನೀವು ಇಲ್ಲಿ ಕೇಳುತ್ತಲೂ ಇರಲಿಲ್ಲ, ಇದು ಯಾವುದೋ ಬೇರೆ ಉಕ್ಕು ಎಂದು ಬರೆದು ಕಳಿಸುತ್ತಿದ್ದಿರಿ. 0.527 ಬಂದದ್ದು ಪುಣ್ಯ.

ಇದೇ ಸೂತ್ರವನ್ನು ತಿರುಗಿಸಿ ಓಡಿಸಿ ನೋಡಿ. E ಗೊತ್ತು, ν ಅಂದಾಜು ಗೊತ್ತು, G ಬೇಕು. ν 0.30 ಹಾಕಿದರೆ G 79.2. 0.28 ಹಾಕಿದರೆ 80.5. ν ಯನ್ನು ಸುಮಾರಾಗಿ ಊಹಿಸಿದರೂ G ನೂರಕ್ಕೆ ಒಂದೂವರೆಯಷ್ಟು ಮಾತ್ರ ಅಲುಗುತ್ತದೆ. ಈ ಕಡೆಯಿಂದ ಹೋದರೆ ಸೂತ್ರ ಬಹಳ ಸಾಧು, ಆ ಕಡೆಯಿಂದ ಬಂದರೆ ಹಾಯುವ ಎಮ್ಮೆ. ν ಬೇಕಾದವರು ಅದನ್ನು ನೇರವಾಗಿ ಅಳೆಯಬೇಕು: ಎಳೆಯುವಾಗಲೇ ಉದ್ದಕ್ಕೊಂದು ಅಡ್ಡಕ್ಕೊಂದು ಸ್ಟ್ರೇನ್ ಗೇಜ್ ಅಂಟಿಸಿ, ಎರಡರ ಅನುಪಾತ ತೆಗೆದುಕೊಳ್ಳಿ. ಅಲ್ಲಿ ವ್ಯಾಸವೇ ಬೇಕಿಲ್ಲ.

ಲೇತ್_ಅಣ್ಣ

ಸಿಪ್ಪೆ ತೆಗೆದವರು ನಾವಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಆದರೆ ಒಪ್ಪಿದೆ, ದೋಷ ಯಾವ ಕಡೆಗೆ ಎಳೆಯುತ್ತದೆ ಎಂದು ನಾನು ಯೋಚಿಸಿರಲಿಲ್ಲ.

ಸ್ಪ್ರಿಂಗ್_ವಿಜಯಪುರ

ಮೇಷ್ಟ್ರೇ, ಬಿಗುವು ಬೇರೆ ಬಲ ಬೇರೆ ಎಂದದ್ದು ರಾತ್ರಿಯೆಲ್ಲ ಕೊರೆಯಿತು. ಒಬ್ಬ ಗಿರಾಕಿಗೆ ಸ್ಪ್ರಿಂಗ್ ಮೆತ್ತಗಾಯಿತು ಎಂದು ದುಬಾರಿ ತಂತಿಯಲ್ಲಿ ಮಾಡಿಕೊಟ್ಟೆ. ಅಷ್ಟೇ ಮೆತ್ತಗೆ ಬಂತು. ಅವನೂ ಬೈದ, ನಾನೂ ತಂತಿ ಮಾರಿದವನಿಗೆ ಬೈದೆ. ಸ್ಪ್ರಿಂಗ್ ಲೆಕ್ಕದಲ್ಲೂ ತಂತಿಯ ವ್ಯಾಸಕ್ಕೆ ನಾಲ್ಕನೇ ಘಾತವೇ ಇದೆಯಲ್ಲವೇ? ಸ್ಪ್ರಿಂಗನ್ನು ಎಳೆಯುತ್ತೇವೆ, ಹಾಗಿದ್ದರೂ ಸೂತ್ರದಲ್ಲಿ ಇರುವುದು G ಏಕೆ, E ಏಕೆ ಅಲ್ಲ ಎಂದು ಇವತ್ತಿನವರೆಗೆ ಕೇಳಿಕೊಂಡಿರಲಿಲ್ಲ.

ನವನಗರ_ಮೇಷ್ಟ್ರು

ಸ್ಪ್ರಿಂಗನ್ನು ಎಳೆದಾಗ ತಂತಿ ಎಳೆಯಿಸಿಕೊಳ್ಳುವುದಿಲ್ಲ, ತಿರುಚಿಕೊಳ್ಳುತ್ತದೆ. ಒಂದು ಸುತ್ತನ್ನು ಕಣ್ಣಿನ ಹತ್ತಿರ ಹಿಡಿದು ನಿಧಾನವಾಗಿ ಎಳೆದು ನೋಡಿ. ಆ ಗಿರಾಕಿಗೆ ತಂತಿಯ ದರ್ಜೆ ಬದಲಿಸುವ ಬದಲು 4 ಮಿಮೀ ತಂತಿಯನ್ನು 4.2 ಮಾಡಿದ್ದರೆ, ಸುತ್ತಿನ ಅಗಲವನ್ನು ಹಾಗೆಯೇ ಇಟ್ಟುಕೊಂಡರೆ, ಇಪ್ಪತ್ತು ಪರ್ಸೆಂಟಿಗಿಂತ ಹೆಚ್ಚು ಬಿಗಿಯಾಗುತ್ತಿತ್ತು. ತಂತಿ ಮಾರಿದವನಿಗೆ ಒಂದು ಚಹಾ ಕುಡಿಸಿ.

ಫೌಂಡ್ರಿ_ಅಕ್ಕ

ನನ್ನದೂ ಒಂದು ಗೋಳಿದೆ, ಅದು ಹೀಗೆ ಸುಲಭವಾಗಿ ಬಗೆಹರಿಯುವುದಿಲ್ಲ. ನಾವು ಬೂದು ಬೀಡು ಎರಕ ಹೊಯ್ಯುವವರು. ಅದರೊಳಗೆ ಗ್ರಾಫೈಟ್ ಎಲೆಗಳು ಹರಡಿರುತ್ತವೆ, ಎರಕದಲ್ಲಿ ಯಾವ ಕಡೆಗೂ ಮುಖ ಮಾಡದೆ. ಹಾಗಾಗಿ ದಿಕ್ಕಿನ ತಕರಾರು ಇಲ್ಲ, ಎಲ್ಲ ಕಡೆಗೂ ಒಂದೇ. ಆದರೂ ಸೂತ್ರ ಕೈಕೊಡುತ್ತದೆ.

ಉಕ್ಕನ್ನು ಎಳೆದರೆ ಗೆರೆ ನೆಟ್ಟಗೆ ಏರುತ್ತದೆ. ಬೀಡಿನ ಗೆರೆ ಮೊದಲಿನಿಂದಲೇ ಬಾಗುತ್ತದೆ. ಒಂದು ಸರಳಿನಲ್ಲಿ ಶುರುವಿನಲ್ಲಿ E 110 ಇತ್ತು, ಸ್ವಲ್ಪ ಹೆಚ್ಚು ಎಳೆದು ಸರಾಸರಿ ನೋಡಿದರೆ 95. ಸಣ್ಣ ಬಲದಲ್ಲಿ ತಿರುಚಿ ನೋಡಿದಾಗ G 43.6. ಮೊದಲ E ಹಾಕಿದರೆ ν 0.26, ಎರಡನೆಯದನ್ನು ಹಾಕಿದರೆ 0.09. ಅದೇ ಸರಳು, ಅದೇ ದಿನ, ವ್ಯಾಸ ಮೈಕ್ರೋಮೀಟರ್‌ನಲ್ಲೇ ಅಳೆದದ್ದು. ಯಾವುದನ್ನು ಬರೆಯಲಿ?

ನವನಗರ_ಮೇಷ್ಟ್ರು

G ಯನ್ನು ಸಣ್ಣ ಬಲದಲ್ಲಿ ಅಳೆದಿದ್ದರೆ E ಕೂಡ ಸಣ್ಣ ಬಲದ್ದೇ ಇರಬೇಕು, 110. ಇಬ್ಬರನ್ನೂ ಒಂದೇ ವಯಸ್ಸಿನಲ್ಲಿ ಹೋಲಿಸಬೇಕು. 0.26 ಬೀಡಿಗೆ ಸರಿಯಾಗಿಯೇ ಇದೆ.

ಫೌಂಡ್ರಿ_ಅಕ್ಕ

ಅದು ನನಗೂ ಗೊತ್ತು ಸರ್. ಆದರೆ ನಮ್ಮ ಎರಕ ಕೆಲಸ ಮಾಡುವುದು ಸಣ್ಣ ಬಲದಲ್ಲಿ ಅಲ್ಲ. ವಿನ್ಯಾಸದವರು ಆ ದೊಡ್ಡ ಬಲಕ್ಕೆ G ಎಷ್ಟು ಎಂದು ಕೇಳುತ್ತಾರೆ. ಅಲ್ಲಿಯ E 95 ತೆಗೆದುಕೊಂಡು 2.52ರಿಂದ ಭಾಗಿಸಿ 37.7 ಎಂದು ಕೊಡಬಹುದೇ?

ನನ್ನ ಅಡ್ಡಿ ನೀವೇ ಮೇಲೆ ಬರೆದ ಕರ್ಣದ ಲೆಕ್ಕದಲ್ಲಿದೆ. ಒಂದು ಕರ್ಣ ಎಳೆಯಿಸಿಕೊಳ್ಳುತ್ತದೆ, ಇನ್ನೊಂದು ಅದುಮಿಸಿಕೊಳ್ಳುತ್ತದೆ. ನೀವು ಎರಡಕ್ಕೂ ಒಂದೇ E ಹಾಕಿದಿರಿ. ಬೀಡಿನಲ್ಲಿ ಎಳೆದಾಗ ಗ್ರಾಫೈಟ್ ಎಲೆಗಳ ಬಾಯಿ ತೆರೆಯುತ್ತದೆ, ಅದುಮಿದಾಗ ಮುಚ್ಚುತ್ತದೆ. ಬಲ ಹೆಚ್ಚಿದಂತೆ ಎಳೆತದ E ಬೇಗ ಇಳಿಯುತ್ತದೆ, ಅದುಮಿನ E ಅಷ್ಟು ಇಳಿಯುವುದಿಲ್ಲ. 95 ಎಂಬುದು ಬರೀ ಎಳೆತದ್ದು. ತಿರುಚುವಾಗ ಎರಡೂ ಒಟ್ಟಿಗೆ ಇರುತ್ತವೆ.

ನವನಗರ_ಮೇಷ್ಟ್ರು

ಸೋತೆ. ಇದನ್ನು ನಾನು ತರಗತಿಯಲ್ಲಿ ಹೇಳಿದ್ದಿಲ್ಲ, ಯೋಚಿಸಿದ್ದೂ ಕಡಿಮೆ. ನಿಮ್ಮ ಮಾತಿನ ಪ್ರಕಾರ ನಿಜವಾದ G 37.7ಕ್ಕಿಂತ ಹೆಚ್ಚಿರಬೇಕು, 43.6ಕ್ಕಿಂತ ಕಡಿಮೆ. ನಡುವೆ ಎಲ್ಲಿ ಎಂಬುದನ್ನು ಆ ಬಲದಲ್ಲೇ ತಿರುಚಿ ನೋಡಬೇಕು. ಸೂತ್ರದಿಂದ ಹೊರಡಿಸುವುದನ್ನು ನಾನು ಒಪ್ಪುವುದಿಲ್ಲ.

ಫೌಂಡ್ರಿ_ಅಕ್ಕ

ನಮ್ಮಲ್ಲಿ ಅಷ್ಟು ದೊಡ್ಡ ತಿರುಚು ಯಂತ್ರವಿಲ್ಲ. ಸದ್ಯಕ್ಕೆ ಎರಡು ಅಂಕಿಯನ್ನೂ ಬರೆದು, ನಡುವೆ ಇದೆ ಎಂದು ಕಳಿಸುತ್ತೇನೆ. ವಿನ್ಯಾಸದವರು ಫೋನ್ ಮಾಡಿ ಒಂದೇ ಅಂಕಿ ಕೊಡಿ ಎಂದು ಕೇಳುವುದು ಖಂಡಿತ.

ಇಳಕಲ್_ಮಗಳು

ಒಂದು ಪ್ರಶ್ನೆ. ಉಕ್ಕು, ಅಲ್ಯುಮಿನಿಯಂ, ತಾಮ್ರ ಎಲ್ಲಕ್ಕೂ ν 0.3 ಆಸುಪಾಸೇ ಇದೆ. ಹಾಗಿದ್ದರೆ ಅದನ್ನು ಬೇರೆ ಅಂಕಿ ಎಂದು ಏಕೆ ಇಟ್ಟುಕೊಳ್ಳಬೇಕು? E ಒಂದೇ ಸಾಲದೇ?

ನವನಗರ_ಮೇಷ್ಟ್ರು

ಪಾಯ್ಸನ್ ಕೂಡ ಹಾಗೆಯೇ ಅಂದುಕೊಂಡಿದ್ದ, ನೀನು ಒಳ್ಳೆಯ ಜೊತೆಯಲ್ಲಿದ್ದೀಯಾ. ಕಣಗಳು ಒಂದನ್ನೊಂದು ನೇರ ಗೆರೆಯಲ್ಲಿ ಎಳೆದುಕೊಳ್ಳುತ್ತವೆ ಎಂದು ಹಿಡಿದು ಲೆಕ್ಕ ಮಾಡಿ, ಎಲ್ಲ ವಸ್ತುವಿಗೂ 1/4 ಎಂದು ತೀರ್ಮಾನಿಸಿದ. ಹಾಗಿದ್ದರೆ G ಯಾವಾಗಲೂ E ಯ ನೂರಕ್ಕೆ ನಲವತ್ತು, ಒಂದೇ ಅಂಕಿ ಸಾಕು. 1848ರಲ್ಲಿ ವರ್ಟ್‌ಹೈಮ್ ಅಳೆದು ನೋಡಿದಾಗ 1/3ರ ಹತ್ತಿರ ಬಂತು, 1/4 ಅಲ್ಲ. ಅದಕ್ಕೂ ಮೊದಲೇ ಜಾರ್ಜ್ ಗ್ರೀನ್ ಎಂಬವನು ಕಣಗಳ ಗೊಡವೆಗೆ ಹೋಗದೆ ಶಕ್ತಿಯ ಲೆಕ್ಕದಿಂದ ಎರಡು ಅಂಕಿ ಬೇಕೇ ಬೇಕು ಎಂದಿದ್ದ. ರಬ್ಬರಿಗೆ 0.5ರ ಹತ್ತಿರ, ಬಾಟಲಿಯ ಬಿರಡೆ ಮಾಡುವ ಕಾರ್ಕಿಗೆ ಸೊನ್ನೆಯ ಹತ್ತಿರ. ರಬ್ಬರಿನ G ಅದರ E ಯ ಮೂರನೇ ಒಂದು, ಕಾರ್ಕಿನದನ್ನು ಸೂತ್ರದಿಂದ ತೆಗೆದರೆ ಅರ್ಧ. ಕಾರ್ಕಿಗೂ ದಿಕ್ಕು ಉಂಟು ಎಂಬ ತಕರಾರನ್ನು ನೀನೇ ಎತ್ತುತ್ತೀಯಾ ಎಂದು ಗೊತ್ತು.

ಗೋಕಾಕ_ಗಂಟೆ

ತಡವಾಗಿ ಬಂದೆ. ಕಿರಿಯರ ಸರಳಿಗೆ ವ್ಯಾಸವೇ ಬೇಡದ ಇನ್ನೊಂದು ದಾರಿಯಿದೆ: ಬಡಿದು ಕೇಳುವುದು. ಸರಳಿನ ತುದಿಗೆ ಸುತ್ತಿಗೆಯಿಂದ ನೇರವಾಗಿ ಬಡಿದರೆ ಅದು ಉದ್ದಕ್ಕೆ ಹಿಗ್ಗಿ ಕುಗ್ಗಿ ಹಾಡುತ್ತದೆ, ಆ ಸ್ವರವನ್ನು E ನಿರ್ಧರಿಸುತ್ತದೆ. ತಿರುಚಿದಂತೆ ಬಡಿದರೆ ಬರುವ ಸ್ವರವನ್ನು G ನಿರ್ಧರಿಸುತ್ತದೆ. ಎರಡರಲ್ಲೂ ಉದ್ದ ಅದೇ, ಸಾಂದ್ರತೆ ಅದೇ, ಗುಂಡು ಸರಳಾದರೆ ವ್ಯಾಸ ಲೆಕ್ಕದಿಂದ ಹೊರಗೆ. ಎರಡು ಸ್ವರಗಳ ಅನುಪಾತದ ವರ್ಗವೇ 2(1 + ν).

ನಿನ್ನೆ ಸಂಜೆ ಮಳೆ ಬಂದು ಕೆಲಸ ನಿಂತಿತ್ತು. 1 ಮೀಟರ್ ಉದ್ದದ, 20 ಮಿಮೀ ದಪ್ಪದ ಉಕ್ಕಿನ ಸರಳನ್ನು ನಡುವೆ ಎರಡು ಬೆರಳಲ್ಲಿ ಹಿಡಿದು ತುದಿಗೆ ಬಡಿದೆ, ಮೊಬೈಲ್‌ನಲ್ಲಿ ಧ್ವನಿಯ ಆವರ್ತನ ನೋಡಿದೆ. 2,560 ಹರ್ಟ್ಸ್, ದೇವಸ್ಥಾನದ ಗಂಟೆಯಷ್ಟು ಸ್ಪಷ್ಟ. ಆಮೇಲೆ ತುದಿಯ ಅಂಚಿಗೆ ಅಡ್ಡವಾಗಿ ಬಡಿದೆ. 1,670 ಬಂತು. ಲೆಕ್ಕ ಹಾಕಿದರೆ ν 0.175. ಉಕ್ಕಿಗೆ ಇದು ಹೇಗೆ?

ನವನಗರ_ಮೇಷ್ಟ್ರು

ಉಪಾಯ ಬಹಳ ಚೆನ್ನಾಗಿದೆ, ಆದರೆ ನೀವು ಕೇಳಿದ್ದು ತಿರುಚಿನ ಸ್ವರವಲ್ಲ. ಗುಂಡು ಸರಳು ತಿರುಚಿಕೊಂಡು ಅಲುಗಿದರೆ ಅದರ ಮೈ ಗಾಳಿಯನ್ನು ತಳ್ಳುವುದೇ ಇಲ್ಲ, ಇದ್ದಲ್ಲೇ ಸುತ್ತುತ್ತದೆ. ಮೊಬೈಲಿನ ಕಿವಿಗೆ ಅದು ಬೀಳುವುದು ಕಷ್ಟ. ನಿಮ್ಮ ಸರಳಿಗೆ ತಿರುಚಿನ ಸ್ವರ 1,590ರ ಹತ್ತಿರ ಇರಬೇಕು. 1,670 ಎಂಬುದು ಸರಳು ಬಾಗಿ ಬಳುಕುವ ಆರನೇ ಸ್ವರ ಎಂದು ನನ್ನ ಲೆಕ್ಕ.

ಗೋಕಾಕ_ಗಂಟೆ

ನಡುವೆ ಹಿಡಿದಿದ್ದೆನಲ್ಲ, ಬಾಗುವ ಸ್ವರ ಸತ್ತುಹೋಗಬೇಕಿತ್ತಲ್ಲವೇ?

ನವನಗರ_ಮೇಷ್ಟ್ರು

ಒಂದು, ಮೂರು, ಐದನೆಯದು ಸಾಯುತ್ತವೆ. ಎರಡು, ನಾಲ್ಕು, ಆರನೆಯದಕ್ಕೆ ನಟ್ಟನಡುವೆ ಅಲುಗಾಟವೇ ಇರುವುದಿಲ್ಲ, ನಿಮ್ಮ ಬೆರಳು ಅವಕ್ಕೆ ಲೆಕ್ಕಕ್ಕಿಲ್ಲ. ನನ್ನ ಮಾತನ್ನು ನಂಬಬೇಕಾಗಿಲ್ಲ, ಪರೀಕ್ಷೆ ಸುಲಭ. ಅದೇ ಉದ್ದದ 16 ಮಿಮೀ ಸರಳು ತಂದು ಬಡಿಯಿರಿ. ತಿರುಚಿನ ಸ್ವರವಾಗಿದ್ದರೆ ಇದ್ದಲ್ಲೇ ಇರುತ್ತದೆ. ಬಾಗುವ ಸ್ವರವಾಗಿದ್ದರೆ 1,340ರ ಹತ್ತಿರಕ್ಕೆ ಇಳಿಯುತ್ತದೆ.

ಉದ್ಯಮಬಾಗ_ಕಿರಿಯ

ವರದಿಯಲ್ಲಿ G 79.4 ಬರೆದೆ, ವ್ಯಾಸ 9.60 ಎಂದೂ ಆರು ಅಂಕಿಗಳನ್ನೂ ಬರೆದೆ. ν ಯ ಜಾಗವನ್ನು ಖಾಲಿ ಬಿಟ್ಟು, ಸ್ಟ್ರೇನ್ ಗೇಜ್ ತರಿಸಲು ಅರ್ಜಿ ಹಾಕಿದ್ದೇನೆ. ಹಿರಿಯರು ಅರ್ಜಿಯನ್ನು ಓದಿ, ಕೊನೆಗೆ 0.3 ತಾನೇ ಬರುವುದು ಎಂದರು. ಬರಬಹುದು.

ಗೋಕಾಕ_ಗಂಟೆ

16 ಮಿಮೀ ಸರಳು ಸಿಕ್ಕಿತು, ಆದರೆ 940 ಮಿಮೀ ಉದ್ದವಿದೆ. ಉದ್ದ ಬದಲಾದರೆ ಎಲ್ಲ ಸ್ವರವೂ ಬದಲಾಗುತ್ತದೆ. 20ರ ಸರಳನ್ನೂ 940ಕ್ಕೆ ಕತ್ತರಿಸಿ, ಎರಡನ್ನೂ ಭಾನುವಾರ ಬಡಿಯುತ್ತೇನೆ. ಮನೆಯವರಿಗೆ ಇನ್ನೂ ಹೇಳಿಲ್ಲ.

ಲೇತ್_ಅಣ್ಣ

ಕತ್ತರಿಸಿದ ಮೇಲೆ ತುದಿಗಳನ್ನು ನೆಟ್ಟಗೆ ಫೇಸಿಂಗ್ ಮಾಡಿಸಿ. ಆದರೆ ನಡುವೆ ಹೊಳಪು ಕೊಡಲು ಹೇಳಬೇಡಿ.